ಇಳಕಲ್ ಕೈಮಗ್ಗದ ಸೀರೆಗಳ ರವಾನೆಯಲ್ಲಿ ವಿಳಂಬ: ಹೊಸ ದಿನಾಂಕ ಹಾಗೂ ಪರಿಹಾರದ ಬಗ್ಗೆ ಗ್ರಾಹಕರಿಗೆ ಸೂಚನೆ

ಇಳಕಲ್, ಬಾಗಲಕೋಟೆ ಜಿಲ್ಲೆ
18 ಆಗಸ್ಟ್ 2025, ಸೋಮವಾರ

ಮಾನ್ಯ ಗ್ರಾಹಕರೆ,

ಜೂನ್ 10ರಿಂದ ಜುಲೈ 20ರ ನಡುವೆ ನೀವು ನಮ್ಮಲ್ಲಿ ಮುಂಗಡ ಕೊಟ್ಟು ಕಾಯ್ದಿರಿಸಿದ ಹತ್ತಿ–ರೇಷ್ಮೆಯ ಇಳಕಲ್ ಸೀರೆಯನ್ನು ಆಗಸ್ಟ್ 23ರ ಒಳಗೆ, ಅಂದರೆ ಗೌರಿ ಹಬ್ಬಕ್ಕೆ ಮೊದಲೇ, ನಿಮ್ಮ ಮನೆಗೆ ತಲುಪಿಸುವುದಾಗಿ ಆರ್ಡರ್ ಪಡೆಯುವಾಗ ತಿಳಿಸಿದ್ದೆವು. ಆ ದಿನಾಂಕಕ್ಕೆ ಸೀರೆ ತಲುಪಿಸಲು ಸಾಧ್ಯವಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ನಿಮ್ಮ ಸೀರೆಯನ್ನು ಸೆಪ್ಟೆಂಬರ್ 12, ಶುಕ್ರವಾರದ ಒಳಗೆ ತಲುಪಿಸುತ್ತೇವೆ. ಕಸೂತಿ ಹಾಕಿಸಿಕೊಡಲು ಹೇಳಿದವರ ಸೀರೆಗಳು ಅಕ್ಟೋಬರ್ 10, ಶುಕ್ರವಾರದ ಒಳಗೆ ತಲುಪುತ್ತವೆ. ಈ ವಿಳಂಬಕ್ಕಾಗಿ ನಿಮಗೆ ಸಲ್ಲಬೇಕಾದ ಪರಿಹಾರದ ವಿವರವನ್ನು ಮುಂದೆ ಕೊಟ್ಟಿದ್ದೇವೆ. ಅದರಲ್ಲಿ ನಿಮಗೆ ಬೇಕಾದುದನ್ನು ಆಗಸ್ಟ್ 30ರ ಒಳಗೆ ನಮಗೆ ತಿಳಿಸಬೇಕೆಂದು ಕೋರುತ್ತೇವೆ.

ಈ ಸೂಚನೆಯು 148 ಆರ್ಡರ್‌ಗಳಿಗೆ ಸಂಬಂಧಿಸಿದ್ದು, ಅವುಗಳಲ್ಲಿ 31 ಕಸೂತಿ ಸೀರೆಗಳು. ಈ ಸಂದೇಶ ನಿಮಗೆ ಬಂದಿದೆ ಎಂದರೆ ನಿಮ್ಮ ಆರ್ಡರ್ ಆ ಪಟ್ಟಿಯಲ್ಲಿ ಇದೆ ಎಂದೇ ಅರ್ಥ. ಅಂಗಡಿಯಲ್ಲಿ ನೇಯ್ದು ಸಿದ್ಧವಾಗಿದ್ದ ಸೀರೆಗಳನ್ನು ಆರಿಸಿಕೊಂಡವರ ಪಾರ್ಸೆಲ್‌ಗಳು ಎಂದಿನಂತೆ ಹೊರಟಿವೆ.

ವಿಳಂಬದ ಕಾರಣವನ್ನು ತುಸು ವಿವರವಾಗಿಯೇ ಹೇಳುವುದು ಒಳ್ಳೆಯದು. ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದು ಕೈ ತೊಳೆದುಕೊಂಡರೆ ಹೊಸ ದಿನಾಂಕವನ್ನು ನೀವು ಏಕೆ ನಂಬಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ಎಳೆಗಳೇ ಹಾಸು. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಿದ ಮೇಲೆಯೇ ಮಗ್ಗ ನಡೆಯುತ್ತದೆ. ಈ ಜೋಡಣೆ ಪ್ರತಿ ಸೀರೆಗೂ ಹೊಸದಾಗಿ ಆಗಬೇಕಾದ ಕಾರಣ, ಹಲವು ಸೀರೆಗಳಿಗೆ ಸಾಲುವಷ್ಟು ಉದ್ದದ ಹಾಸನ್ನು ಒಮ್ಮೆಲೇ ಮಗ್ಗಕ್ಕೆ ಏರಿಸಿಟ್ಟು, ಬಿಡುವಾದಾಗ ನೇಯ್ದುಕೊಳ್ಳುವ ಅನುಕೂಲ ನಮ್ಮ ನೇಕಾರರಿಗಿಲ್ಲ. ಹತ್ತಿಯ ಹಾಸಿನ ಎಳೆಗಳಿಗೆ ಗಂಜಿ ಕೊಟ್ಟು, ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಬಿಸಿಲಿನಲ್ಲಿ ಒಣಗಿಸಬೇಕು. ಜುಲೈ ಕೊನೆಯ ವಾರದಿಂದ ಇಲ್ಲಿ ಮೋಡ ಮುಸುಕಿಕೊಂಡೇ ಇದ್ದು, ಮಳೆ ಬಿಟ್ಟು ಬಿಟ್ಟು ಸುರಿಯುತ್ತಿರುವುದರಿಂದ ಹಾಸು ಹೊರಗೆ ಕಟ್ಟಿದ ತಾಸಿಗೆ ಮತ್ತೆ ಸುತ್ತಿ ಒಳಗೆ ತರುವಂತಾಯಿತು. ಅರ್ಧ ಒಣಗಿದ ಎಳೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸಲು ಹೋದರೆ ಹರಿಯುತ್ತದೆ. ಜೊತೆಗೆ ನಮ್ಮ ಬಹುತೇಕ ನೇಕಾರರದು ಕುಣಿ ಮಗ್ಗ. ನೆಲ ತೋಡಿ ಕಾಲು ಇಳಿಬಿಟ್ಟು ತುಳಿಯುವ ಆ ಕುಣಿಯಲ್ಲಿ ತೇವ ಏರಿದಾಗ ಕುಳಿತು ನೇಯಲು ಆಗುವುದಿಲ್ಲ. ನೇಯ್ದರೂ ಬಟ್ಟೆಯ ಬಿಗಿ ಸಮನಾಗಿ ಬರುವುದಿಲ್ಲ.

ಇದರ ಮೇಲೆ ಇನ್ನೊಂದು ತೊಂದರೆಯೂ ಸೇರಿಕೊಂಡಿತು. ತೋಪು ತೆನೆ ಸೆರಗಿಗೆಂದು ಆಗಸ್ಟ್ ಮೊದಲ ವಾರ ಬಣ್ಣ ಹಾಕಿಸಿದ ಕೆಂಪು ರೇಷ್ಮೆ, ಒಣಗಿದ ಮೇಲೆ ನೋಡಿದರೆ ಕೆಲವು ಲಡಿಗಳಲ್ಲಿ ಒಂದು ಬಗೆ, ಉಳಿದವುಗಳಲ್ಲಿ ಇನ್ನೊಂದು ಬಗೆ ಕಾಣಿಸಿತು. ಕತ್ತಲೆ ಕೋಣೆಯಲ್ಲಿ ಅದು ತಿಳಿಯದು, ಆದರೆ ಅಂಗಳದ ಬೆಳಕಿಗೆ ತಂದು ಬಿಳಿಯ ತೆನೆಗಳ ಪಕ್ಕದಲ್ಲಿ ಹಿಡಿದಾಗ ಸೆರಗಿನ ಒಂದು ಭಾಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದು ಸ್ಪಷ್ಟವಾಯಿತು. ಆ ರೇಷ್ಮೆಯನ್ನು ಬಳಸದೆ ಹಿಂತಿರುಗಿಸಿದೆವು. ಬದಲಿ ರೇಷ್ಮೆ ಆಗಸ್ಟ್ 14ರಂದು ಕೈಸೇರಿದ್ದು, ಬಣ್ಣ ಹೊಂದುತ್ತದೆ ಎಂಬುದನ್ನು ಪರೀಕ್ಷಿಸಿದ ನಂತರವೇ ನೇಕಾರರಿಗೆ ಹಂಚಲಾಗಿದೆ.

ಹಬ್ಬದ ದಿನಾಂಕ ಹಿಡಿಯಲು ಒಂದು ಸುಲಭದ ದಾರಿ ಇತ್ತೆಂಬುದನ್ನು ಬಲ್ಲೆವು. ಅದೇ ಬಣ್ಣ, ಅದೇ ದಡಿಯ ವಿದ್ಯುತ್ ಮಗ್ಗದ ಸೀರೆಗಳು ಪೇಟೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ, ಮಡಿಸಿ ಪೆಟ್ಟಿಗೆಗೆ ಹಾಕಿದರೆ ಬೇಗನೆ ಗುರುತೂ ಹತ್ತುವುದಿಲ್ಲ. ನೀವು ಹಣ ಕೊಟ್ಟಿರುವುದು ಕೈಮಗ್ಗದ ಸೀರೆಗೆ. ನಿಮ್ಮನ್ನು ಕೇಳದೆ ಬೇರೆ ಯಾವ ಸೀರೆಯನ್ನೂ ನಾವು ಕಳುಹಿಸುವುದಿಲ್ಲ. ಸೀರೆ ಕೈಗೆ ಬಂದಾಗ ಒಡಲೂ ಸೆರಗೂ ಕೂಡುವ ಸಾಲನ್ನು ತಿರುವಿ ನೋಡಿ. ಅಲ್ಲಿ ಕುಣಿಕೆಗಳ ಸಾಲು ಕಾಣಬೇಕು. ಅದು ಕಾಣದಿದ್ದರೆ ನಮ್ಮ ಖರ್ಚಿನಲ್ಲಿಯೇ ಸೀರೆಯನ್ನು ಹಿಂತಿರುಗಿಸುವ ಹಕ್ಕು ನಿಮಗಿದೆ.

ಹೊಸ ದಿನಾಂಕವನ್ನು ಹೇಗೆ ಗೊತ್ತುಮಾಡಿದೆವು ಎಂಬುದನ್ನೂ ತಿಳಿಸಬೇಕು. ಇವತ್ತಿಗೆ 64 ಸೀರೆಗಳ ನೇಯ್ಗೆ ಮಗ್ಗದ ಮೇಲೆ ನಡೆದಿದೆ. ಉಳಿದವುಗಳ ಹಾಸನ್ನು ಒಣಗಿಸಲು ಒಂದು ಖಾಲಿ ಗೋದಾಮನ್ನು ಬಾಡಿಗೆಗೆ ಪಡೆದಿದ್ದು, ಹಾಸನ್ನು ಚಾವಣಿಯ ಕೆಳಗೆ ಎಳೆದು ಕಟ್ಟಿ ಫ್ಯಾನ್ ಗಾಳಿಯಲ್ಲಿ ಆರಿಸುತ್ತಿದ್ದೇವೆ. ಬಿಸಿಲಿನಲ್ಲಿ ಆಗುವಷ್ಟು ಬೇಗ ಕೆಲಸ ಆಗದಿದ್ದರೂ ಮಳೆಯನ್ನು ನೋಡುತ್ತ ಕೂರುವ ಪ್ರಮೇಯ ತಪ್ಪಿದೆ. ನೇಕಾರರನ್ನು ರಾತ್ರಿ ಕೂರಿಸಿ ಅವಸರ ಮಾಡುವ ಉದ್ದೇಶ ನಮಗಿಲ್ಲ. ನೇಯ್ಗೆ, ಪರಿಶೀಲನೆ ಮತ್ತು ಸಾಗಣೆಗೆ ಬೇಕಾದ ದಿನಗಳ ಜೊತೆಗೆ ಮತ್ತೆ ಮಳೆ ಹಿಡಿದರೂ ಇರಲಿ ಎಂದು ನಾಲ್ಕು ದಿನಗಳನ್ನು ಹೆಚ್ಚಾಗಿಯೇ ಲೆಕ್ಕಕ್ಕೆ ಹಿಡಿದು ಸೆಪ್ಟೆಂಬರ್ 12 ಎಂದು ಹೇಳುತ್ತಿದ್ದೇವೆ. ನವರಾತ್ರಿ ಸೆಪ್ಟೆಂಬರ್ 22ರಂದು ಆರಂಭವಾಗುವುದರಿಂದ ಘಟಸ್ಥಾಪನೆಯ ಹೊತ್ತಿಗೆ ಸೀರೆ ನಿಮ್ಮ ಬಳಿ ಇರುತ್ತದೆ. ಮುಂಬೈ, ಪುಣೆ, ಸೊಲ್ಲಾಪುರದ ಗ್ರಾಹಕರಿಗೂ ಇದೇ ದಿನಾಂಕ ಅನ್ವಯಿಸುತ್ತದೆ. ವಿದೇಶದ ವಿಳಾಸಗಳಿಗೆ ಹೋಗಬೇಕಾದ ಪಾರ್ಸೆಲ್‌ಗಳನ್ನು ಸೆಪ್ಟೆಂಬರ್ 8ರೊಳಗೆ ಇಲ್ಲಿಂದ ಕಳುಹಿಸುತ್ತೇವೆ. ಆದರೆ ಆಯಾ ದೇಶದ ಸುಂಕದ ಕಚೇರಿಯಲ್ಲಿ ಹಿಡಿಯುವ ಸಮಯ ನಮ್ಮ ಕೈಯಲ್ಲಿಲ್ಲ.

ಕಸೂತಿಯ ಸೀರೆಗಳಿಗೆ ಹೆಚ್ಚು ದಿನ ಕೇಳುತ್ತಿರುವುದಕ್ಕೆ ಕಾರಣ ಇಷ್ಟೇ: ಸೀರೆ ಮಗ್ಗದಿಂದ ಇಳಿದ ಮೇಲೆಯೇ ಅದು ಧಾರವಾಡದ ಕಸೂತಿ ಕೆಲಸದ ಹೆಣ್ಣುಮಕ್ಕಳ ಕೈ ಸೇರುತ್ತದೆ. ಅವರು ಗೆರೆ ಎಳೆದುಕೊಳ್ಳದೆ, ಗಂಟು ಹಾಕದೆ, ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಗವಂತಿ ಮತ್ತು ಮುರ್ಗಿಯ ಹೊಲಿಗೆ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣಬೇಕಾದುದರಿಂದ ಎಣಿಕೆ ಒಂದು ಎಳೆ ತಪ್ಪಿದರೂ ಬಿಚ್ಚಿ ಮೊದಲಿನಿಂದ ಹಾಕಬೇಕಾಗುತ್ತದೆ. ದೀಪಾವಳಿಯ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ ಇರುವುದರಿಂದ ಆ ಹಬ್ಬಕ್ಕೆ ತೊಂದರೆಯಾಗದು.

ಪರಿಹಾರದ ವಿಷಯಕ್ಕೆ ಬರೋಣ. ಹೊಸ ದಿನಾಂಕದವರೆಗೆ ಕಾಯಲು ಒಪ್ಪುವವರು ಸೀರೆಯ ಬೆಲೆಯಲ್ಲಿ ಶೇಕಡಾ 10ರಷ್ಟನ್ನು ಹಣವಾಗಿ ಹಿಂದಕ್ಕೆ ಪಡೆಯಬಹುದು. ಉದಾಹರಣೆಗೆ ₹4,200ರ ಸೀರೆಗೆ ₹420 ನಿಮ್ಮ ಖಾತೆಗೆ ಬರುತ್ತದೆ. ಹಣದ ಬದಲು ಸೀರೆಗೆ ಹೊಂದುವ ಗುಳೇದಗುಡ್ಡದ ಒಂದು ಖಣವನ್ನೂ ಆರಿಸಿಕೊಳ್ಳಬಹುದು. ಖಣದ ಬೆಲೆ ಬಹಳ ಸೀರೆಗಳ ಮಟ್ಟಿಗೆ ಆ ಶೇಕಡಾ 10ಕ್ಕಿಂತ ಹೆಚ್ಚೇ ಆಗುತ್ತದೆ; ಇಳಕಲ್ ಸೀರೆಯ ಮೇಲೆ ಖಣದ ಕುಪ್ಪಸ ತೊಡುವವರಿಗೆ ಅದೇ ಲಾಭವೆಂದು ನಮ್ಮ ಅಭಿಪ್ರಾಯ. ಖಣವನ್ನು ಆರಿಸಿದವರಿಗೆ ಮೂರು ಬಣ್ಣಗಳ ಚಿತ್ರ ಕಳುಹಿಸುತ್ತೇವೆ, ಒಂದನ್ನು ಗುರುತಿಸಿದರೆ ಸಾಕು. ಅರ್ಧ ಹಣ ಮಾತ್ರ ಮುಂಗಡ ಕೊಟ್ಟವರಿಗೆ ಶೇಕಡಾ 10ನ್ನು ಬಾಕಿಯಲ್ಲಿ ಕಳೆಯಲಾಗುತ್ತದೆ. ಆಗಸ್ಟ್ 30ರವರೆಗೆ ನಿಮ್ಮಿಂದ ಉತ್ತರ ಬಾರದಿದ್ದರೆ ನೀವು ಹಣದ ಪರಿಹಾರವನ್ನೇ ಆರಿಸಿದ್ದೀರಿ ಎಂದು ಭಾವಿಸಿ ಅದನ್ನು ಪಾವತಿಸುತ್ತೇವೆ. ಉತ್ತರಿಸಲಿಲ್ಲ ಎಂಬ ಕಾರಣಕ್ಕೆ ಯಾರ ಪರಿಹಾರವೂ ತಪ್ಪುವುದಿಲ್ಲ.

ಹೊಸ ದಿನಾಂಕವೂ ಮೀರಿದರೆ, ಮೀರಿದ ಪ್ರತಿ ವಾರಕ್ಕೆ ಅಥವಾ ಅದರ ಭಾಗಕ್ಕೆ ಬೆಲೆಯ ಶೇಕಡಾ 5ರಂತೆ, ಒಟ್ಟು ಶೇಕಡಾ 25ನ್ನು ಮೀರದಂತೆ, ಹೆಚ್ಚುವರಿ ಹಣ ಕೊಡುತ್ತೇವೆ. ನೀವು ಖಣ ಪಡೆದಿದ್ದರೂ ಇದು ಬೇರೆಯಾಗಿಯೇ ಸಲ್ಲುತ್ತದೆ.

ಗೌರಿ ಹಬ್ಬಕ್ಕೆ ಉಡಲು ಅಥವಾ ಬಾಗಿನದ ಜೊತೆ ಕೊಡಲು ಸೀರೆ ಬೇಕೇ ಬೇಕು ಎನ್ನುವವರಿಗೆ ಒಂದು ಅನುಕೂಲ ಮಾಡಿದ್ದೇವೆ. ಅಂಗಡಿಯಲ್ಲಿ ಸಿದ್ಧವಾಗಿರುವ ಕೈಮಗ್ಗದ 22 ಸೀರೆಗಳ ಚಿತ್ರಗಳನ್ನು ಆಗಸ್ಟ್ 19ರಂದು ಬೆಳಿಗ್ಗೆ 11 ಗಂಟೆಗೆ ಕಳುಹಿಸುತ್ತೇವೆ. ನಿಮ್ಮ ಆರ್ಡರ್‌ಗೆ ಬದಲಾಗಿ ಅವುಗಳಲ್ಲಿ ಒಂದನ್ನು ಆಗಸ್ಟ್ 20ರ ಸಂಜೆ 5 ಗಂಟೆಯೊಳಗೆ ಆರಿಸಿಕೊಂಡರೆ ಕರ್ನಾಟಕದೊಳಗಿನ ವಿಳಾಸಗಳಿಗೆ ಆಗಸ್ಟ್ 25ರ ಒಳಗೆ ತಲುಪಿಸುತ್ತೇವೆ. ಆರಿಸಿದ ಸೀರೆಯ ಬೆಲೆ ಹೆಚ್ಚಿದ್ದರೆ ವ್ಯತ್ಯಾಸವನ್ನು ಕೇಳುವುದಿಲ್ಲ, ಕಡಿಮೆಯಿದ್ದರೆ ವ್ಯತ್ಯಾಸವನ್ನು ಹಿಂತಿರುಗಿಸುತ್ತೇವೆ. ಇರುವುದು 22 ಮಾತ್ರ. ಮೊದಲು ತಿಳಿಸಿದವರಿಗೆ ಮೊದಲ ಆದ್ಯತೆ. ಮದುವೆ, ಸೀಮಂತದಂತಹ ಕಾರ್ಯಕ್ಕೆ ಸೆಪ್ಟೆಂಬರ್ 12ಕ್ಕೂ ಮೊದಲೇ ಸೀರೆ ಬೇಕಾದವರು ಮುಹೂರ್ತದ ದಿನಾಂಕವನ್ನು ತಿಳಿಸಿ. ಮಗ್ಗದ ಮೇಲಿರುವ ಸೀರೆಗಳಲ್ಲಿ ನಿಮ್ಮದನ್ನು ಮುಂದಕ್ಕೆ ತರಲು ಆಗುವುದೋ ಇಲ್ಲವೋ ಎಂಬುದನ್ನು ಒಂದು ದಿನದೊಳಗೆ ತಿಳಿಸುತ್ತೇವೆ, ಆಗದಿದ್ದರೆ ಆಗದು ಎಂದೇ ಹೇಳುತ್ತೇವೆ.

ಆರ್ಡರ್ ರದ್ದುಪಡಿಸಲು ಇಚ್ಛಿಸುವವರು, ಸೀರೆ ರವಾನೆಯಾಗುವ ಮುನ್ನ ಯಾವ ದಿನ ಬೇಕಾದರೂ ರದ್ದುಪಡಿಸಬಹುದು. ಕಾರಣ ಹೇಳಬೇಕಾಗಿಲ್ಲ. ಸಾಗಣೆ ವೆಚ್ಚವೂ ಸೇರಿ ನೀವು ಕೊಟ್ಟ ಪೂರ್ಣ ಹಣವನ್ನು, ನೀವು ಪಾವತಿಸಿದ ಖಾತೆಗೇ, ಏಳು ಕೆಲಸದ ದಿನಗಳೊಳಗೆ ಮರಳಿಸಲಾಗುವುದು. ಕಸೂತಿಗೆ ಕೊಟ್ಟ ಪ್ರತ್ಯೇಕ ಮುಂಗಡಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನಿಮ್ಮ ಆಯ್ಕೆಯನ್ನು ತಿಳಿಸಲು, ಆರ್ಡರ್ ದೃಢೀಕರಣ ಬಂದಿದ್ದ ಅದೇ ವಾಟ್ಸ್‌ಆ್ಯಪ್ ಸಂಖ್ಯೆಗೆ ಆರ್ಡರ್ ಸಂಖ್ಯೆಯನ್ನೂ ‘ಹಣ’, ‘ಖಣ’, ‘ಬದಲಿ ಸೀರೆ’ ಅಥವಾ ‘ರದ್ದು’ ಎಂಬ ಮಾತನ್ನೂ ಬರೆದು ಕಳುಹಿಸಿ. ಬರೆಯಲು ತೊಡಕಾದರೆ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಅದೇ ಸಂಖ್ಯೆಗೆ ಕರೆ ಮಾಡಬಹುದು. ಗಣೇಶ ಚತುರ್ಥಿಯಾದ ಆಗಸ್ಟ್ 27ರಂದು ಮಾತ್ರ ಅಂಗಡಿಗೆ ರಜೆ. ಹಣ ಹಿಂತಿರುಗಿಸುವ ನೆಪದಲ್ಲಿ ಯಾರಾದರೂ ಕಾರ್ಡಿನ ವಿವರ, ಯುಪಿಐ ಪಿನ್ ಅಥವಾ ಒಟಿಪಿ ಕೇಳಿದರೆ ಕೊಡಬೇಡಿ. ನಮಗೆ ಅವುಗಳ ಅಗತ್ಯವೇ ಇಲ್ಲ.

ಈ ಪರಿಹಾರವನ್ನು ಪಡೆಯುವುದರಿಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ನಿಮಗಿರುವ ಯಾವ ಹಕ್ಕೂ ಕಡಿಮೆಯಾಗುವುದಿಲ್ಲ. ನಮಗೆ ಬರೆದ ದೂರು ತಲುಪಿದ ಬಗ್ಗೆ 48 ಗಂಟೆಗಳೊಳಗೆ ಉತ್ತರ ಕೊಟ್ಟು, ಒಂದು ತಿಂಗಳೊಳಗೆ ಅದನ್ನು ಇತ್ಯರ್ಥಪಡಿಸುತ್ತೇವೆ. ಅಷ್ಟಾದರೂ ಸಮಾಧಾನವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ನಿಮ್ಮ ಸೀರೆ ಮಗ್ಗದಿಂದ ಇಳಿದ ದಿನ ಅದರ ಸೆರಗಿನ ಚಿತ್ರವನ್ನೂ, ಪಾರ್ಸೆಲ್ ಹೊರಟ ದಿನ ಅಂಚೆಯ ಟ್ರ್ಯಾಕಿಂಗ್ ಸಂಖ್ಯೆಯನ್ನೂ ನಾವಾಗಿಯೇ ಕಳುಹಿಸುತ್ತೇವೆ. ಮನೆ ಬದಲಾಯಿಸಿದವರು ಅಥವಾ ಹಬ್ಬಕ್ಕೆ ಊರಿಗೆ ಹೋಗುವವರು ಹೊಸ ವಿಳಾಸವನ್ನು ಸೆಪ್ಟೆಂಬರ್ 5ರ ಒಳಗೆ, ಪಿನ್‌ಕೋಡ್ ಸಹಿತ, ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ಆರ್ಡರ್ ಮತ್ತು ರವಾನೆ ವಿಭಾಗ, ಕೈಮಗ್ಗ ಸೀರೆ ಮಾರಾಟ ಮಳಿಗೆ, ಇಳಕಲ್