ಮೊದಲ ತಿಂಗಳ ಜಿಮ್ ಪ್ಲಾನ್: ಸೋಮ, ಬುಧ, ಶುಕ್ರ

ಅಕ್ಕಾ, ನಿನ್ನೆ ಡಂಬೆಲ್ ರ‍್ಯಾಕ್ ನೋಡಿ "ಆ ಕಡೆ ಮಾತ್ರ ಬೇಡಪ್ಪಾ" ಅಂದ್ರಲ್ಲ, ಅದನ್ನು ಮನಸ್ಸಲ್ಲಿಟ್ಟುಕೊಂಡೇ ಇದನ್ನು ಬರೆದಿದ್ದೇನೆ. ಬೆಳಿಗ್ಗೆ 6:30ಕ್ಕೆ ಬನ್ನಿ. ಹುಡುಗರ ಗಲಾಟೆ ಶುರುವಾಗೋದು 7:30ರ ಮೇಲೆ. ಅಷ್ಟರಲ್ಲಿ ನಿಮ್ಮದು ಮುಗಿದಿರುತ್ತದೆ. ದಿನಾ ಮೊದಲು 5 ನಿಮಿಷ ಟ್ರೆಡ್‌ಮಿಲ್ ಮೇಲೆ ನಡಿಗೆ, ಆಮೇಲೆ ಭುಜ, ಸೊಂಟ ಸಡಿಲ ಮಾಡಿಕೊಳ್ಳಿ.

ವಾರ 1
ಲೆಗ್ ಪ್ರೆಸ್, ಚೆಸ್ಟ್ ಪ್ರೆಸ್, ಲ್ಯಾಟ್ ಪುಲ್‌ಡೌನ್. ಎಲ್ಲವೂ ಮಷೀನ್. ಒಂದೊಂದೂ 12ರಂತೆ 2 ಸೆಟ್. ಬೆಂಚ್ ಮೇಲೆ ಕೂತು ಏಳುವ ಸ್ಕ್ವಾಟ್, 10ರಂತೆ 2 ಸೆಟ್.

ಕೊನೆಯ 5 ನಿಮಿಷ 2.5 ಕೆಜಿ ಡಂಬೆಲ್ ಜೊತೆ. ವ್ಯಾಯಾಮ ಏನೂ ಇಲ್ಲ, ಸುಮ್ನೆ ಎತ್ತಿ ಇಡೋದು. ಹತ್ತಿರ ನಿಂತು, ಸೊಂಟ ಹಿಂದಕ್ಕೆ ತಳ್ಳಿ, ಮಂಡಿ ಮಡಚಿ, ಬೆನ್ನು ನೇರ ಇಟ್ಟು ಎತ್ತಿ. ಅದೇ ದಾರಿಯಲ್ಲಿ ನೆಲಕ್ಕೆ ಇಡಿ. ಭಯ ಇರೋದು ಭಾರಕ್ಕಲ್ಲ, ಕೈ ಸೋತರೆ ಇದನ್ನು ಏನು ಮಾಡೋದು ಅನ್ನೋದಕ್ಕೆ. ಅದಕ್ಕೇ ಇಡೋದು ಮೊದಲು.

ವಾರ 2
ಲೆಗ್ ಪ್ರೆಸ್ ಬಿಟ್ಟು ಗಾಬ್ಲೆಟ್ ಸ್ಕ್ವಾಟ್: 5 ಕೆಜಿಯ ಒಂದು ಡಂಬೆಲ್ ಎದೆಗೆ ಒತ್ತಿ ಹಿಡಿದು ಕೂತು ಏಳಿ, 10ರಂತೆ 2 ಸೆಟ್. ಬೆಂಚ್ ಹಿಂದೆಯೇ ಇರಲಿ, ಏಳಲು ಆಗದಿದ್ದರೆ ಕೂತುಬಿಡಿ, ಅಷ್ಟೇ. ಆಮೇಲೆ ರೋ: ಒಂದು ಕೈ ಬೆಂಚ್‌ಗೆ ಊರಿ, ಇನ್ನೊಂದು ಕೈಯಲ್ಲಿ ಡಂಬೆಲ್ ಸೊಂಟದ ಕಡೆಗೆ ಎಳೆಯೋದು, 5 ಕೆಜಿ, ಪ್ರತಿ ಕೈಗೆ 10. ಚೆಸ್ಟ್ ಪ್ರೆಸ್, ಪುಲ್‌ಡೌನ್ ಹಾಗೇ ಇರಲಿ.

ವಾರ 3
ಇದು ಸ್ವಲ್ಪ ಜಾಸ್ತಿ. ಸ್ಕ್ವಾಟ್, ರೋ 3 ಸೆಟ್. ಚೆಸ್ಟ್ ಪ್ರೆಸ್ ಈಗ ಡಂಬೆಲ್‌ನಲ್ಲಿ, ಕೈಗೆ 2.5 ಕೆಜಿ. ಮಲಗೋವಾಗ ಡಂಬೆಲ್ ತೊಡೆ ಮೇಲಿರಲಿ, ಮೊದಲ ದಿನ ನಾನೇ ಕೈಗೆ ಕೊಡುತ್ತೇನೆ. ಇದರ ಜೊತೆ ಪ್ಲ್ಯಾಂಕ್, ಅಂದರೆ ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಇಟ್ಟು 20 ಸೆಕೆಂಡು ನಿಲ್ಲೋದು, 2 ಸಲ.

ವಾರ 4
12 ಸಲ ಆರಾಮಾಗಿ ಬಂದ ವ್ಯಾಯಾಮಕ್ಕೆ ಮಾತ್ರ ಒಂದು ಹೆಜ್ಜೆ ಹೆಚ್ಚಿನ ಡಂಬೆಲ್. ಶುಕ್ರವಾರ ಬಾರ್ ಮುಟ್ಟೋಣ. ಉದ್ದದ ಬಾರ್ 20 ಕೆಜಿ, ಅದು ಬೇಡ. ಮೂಲೆಯ ಗಿಡ್ಡ ಬಾರ್ 10 ಕೆಜಿ. ಪ್ಲೇಟ್ ಇಲ್ಲದೆ, ರ‍್ಯಾಕ್‌ನಲ್ಲಿ ಮಂಡಿ ಎತ್ತರಕ್ಕೆ ಇಟ್ಟು, ಅಲ್ಲಿಂದ ಡೆಡ್‌ಲಿಫ್ಟ್, ಅಂದರೆ ಬೆನ್ನು ನೇರ ಇಟ್ಟು ಬಾರ್ ಎತ್ತಿ ನೆಟ್ಟಗೆ ನಿಲ್ಲೋದು, 8ರಂತೆ 2 ಸೆಟ್.

ಸೆಟ್ ಮುಗಿದಾಗ ಇನ್ನೂ ಎರಡು ಮೂರು ಸಲ ಆಗುತ್ತಿತ್ತು ಅನ್ನಿಸಬೇಕು. ಮಧ್ಯೆ 90 ಸೆಕೆಂಡು ಸುಧಾರಿಸಿಕೊಳ್ಳಿ. ಎತ್ತುವಾಗ ಉಸಿರು ಬಿಡಿ, ಕಟ್ಟಬೇಡಿ. ಮಾರನೇ ದಿನ, ಅದರ ಮಾರನೇ ದಿನ ತೊಡೆ ಹಿಡಿದುಕೊಳ್ಳೋದು ಸಹಜ. ಆದರೆ ಕೀಲಿನಲ್ಲಿ ಚುಚ್ಚಿದ ಹಾಗಾದರೆ ಅಲ್ಲೇ ನಿಲ್ಲಿಸಿ ನನ್ನನ್ನು ಕರೆಯಿರಿ. ಬರುವ ಮುಂಚೆ ಒಂದು ಬಾಳೆಹಣ್ಣು ಸಾಕು, ಇಡ್ಲಿ ಆಮೇಲೆ ತಿನ್ನಿ. ತೂಕ ಬರೆದುಕೊಳ್ಳಲು ಒಂದು ಚಿಕ್ಕ ನೋಟ್‌ಬುಕ್ ತನ್ನಿ.