ಗೃಹಸಾಲದ ಬಡ್ಡಿ ಮತ್ತು ಅಸಲಿನ ಪ್ರಮಾಣಪತ್ರ ಕೋರಿ ಬ್ಯಾಂಕಿಗೆ ಪತ್ರ

ಶಿವಮೊಗ್ಗ
9 ಜನವರಿ 2023

ಇವರಿಂದ:
ಶೋಭಾ ಕೆ. ಎಸ್.
ಸಹ ಶಿಕ್ಷಕಿ (ಗಣಿತ), ಸರ್ಕಾರಿ ಪ್ರೌಢಶಾಲೆ
ಶಿವಮೊಗ್ಗ ತಾಲ್ಲೂಕು

ಇವರಿಗೆ:
ಶಾಖಾ ವ್ಯವಸ್ಥಾಪಕರು
ಗೃಹಸಾಲ ವಿಭಾಗ, ವಿನೋಬನಗರ ಶಾಖೆ
ಶಿವಮೊಗ್ಗ

ವಿಷಯ: 2022-23ನೇ ಹಣಕಾಸು ವರ್ಷಕ್ಕೆ ಗೃಹಸಾಲದ ಬಡ್ಡಿ ಮತ್ತು ಅಸಲಿನ ಸರಿಯಾದ ಪ್ರಾವಿಷನಲ್ ಪ್ರಮಾಣಪತ್ರ ಕೊಡುವ ಬಗ್ಗೆ

ಸಾಲದ ಖಾತೆ: ಕೊನೆಯ ನಾಲ್ಕು ಅಂಕಿ 4471. ಪೂರ್ತಿ ಸಂಖ್ಯೆ ಲಗತ್ತಿಸಿದ ಸ್ಟೇಟ್‌ಮೆಂಟ್‌ನಲ್ಲಿದೆ.
ಸಾಲಗಾರರು: ನಾಗರಾಜ ಎಚ್. ಮತ್ತು ಶೋಭಾ ಕೆ. ಎಸ್. (ಜಂಟಿ)

ಮಾನ್ಯರೇ,

ನಾನು ಮತ್ತು ನನ್ನ ಪತಿ ನಾಗರಾಜ ಇಬ್ಬರೂ ಸೇರಿ ಮನೆ ಕಟ್ಟಲು ನಿಮ್ಮ ಶಾಖೆಯಲ್ಲಿ 32,00,000 ರೂಪಾಯಿ ಸಾಲ ಪಡೆದಿದ್ದೇವೆ. ಸಾಲ ಮಂಜೂರಾಗಿದ್ದು 6 ಆಗಸ್ಟ್ 2018ರಂದು. ಮನೆ ನಮ್ಮಿಬ್ಬರ ಹೆಸರಿನಲ್ಲಿದೆ, ನಾವೇ ಅದರಲ್ಲಿ ವಾಸವಾಗಿದ್ದೇವೆ. ಇಲ್ಲಿಯವರೆಗೆ ಒಂದು ಕಂತೂ ತಡವಾಗಿಲ್ಲ.

ಫೆಬ್ರವರಿ ತಿಂಗಳ ಸಂಬಳದ ಬಿಲ್ ಮಾಡುವ ಮೊದಲು ನಮ್ಮ ಬಟವಾಡೆ ಅಧಿಕಾರಿಗಳು ಇಡೀ ವರ್ಷದ ಆದಾಯ ತೆರಿಗೆ ಲೆಕ್ಕ ಹಾಕಬೇಕು. ಅದಕ್ಕೆ ಫಾರ್ಮ್ 12ಬಿಬಿ ಜೊತೆ ಗೃಹಸಾಲದ ಪ್ರಮಾಣಪತ್ರವನ್ನು ಜನವರಿ 25ರೊಳಗೆ ಕೊಡಲು ಹೇಳಿದ್ದಾರೆ. ನಿಮ್ಮ ನೆಟ್ ಬ್ಯಾಂಕಿಂಗ್‌ನಿಂದ ಜನವರಿ 4ರಂದು ಪ್ರಾವಿಷನಲ್ ಪ್ರಮಾಣಪತ್ರ ಇಳಿಸಿಕೊಂಡೆ. ಅದರಲ್ಲಿರುವ ಅಂಕಿಗಳು ನಮ್ಮ ಖಾತೆಯ ಸ್ಟೇಟ್‌ಮೆಂಟ್‌ಗೆ ಹೊಂದುತ್ತಿಲ್ಲ. ಆದ್ದರಿಂದ ಶಾಖೆಯಿಂದಲೇ ಸರಿಯಾದ ಪ್ರಮಾಣಪತ್ರ ಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಇಳಿಸಿಕೊಂಡ ಪ್ರಮಾಣಪತ್ರ ವರ್ಷದ ಬಡ್ಡಿ 2,02,680 ರೂಪಾಯಿ, ಅಸಲು 94,920 ರೂಪಾಯಿ ಎನ್ನುತ್ತದೆ. ಎರಡನ್ನೂ ಕೂಡಿದರೆ 2,97,600. ನಮ್ಮ ಕಂತು ತಿಂಗಳಿಗೆ 24,800, ಹನ್ನೆರಡು ತಿಂಗಳಿಗೆ ಅಷ್ಟೇ ಆಗುತ್ತದೆ. ಹಾಗಾಗಿ ಮೇಲ್ನೋಟಕ್ಕೆ ತಪ್ಪು ಕಾಣುವುದಿಲ್ಲ. ಆದರೆ ಏಪ್ರಿಲ್‌ನಲ್ಲಿದ್ದ ಶೇಕಡಾ 6.90ರ ಬಡ್ಡಿ ದರವೇ ಮಾರ್ಚ್‌ವರೆಗೂ ಇರುತ್ತದೆ ಎಂದುಕೊಂಡು ಈ ಲೆಕ್ಕ ಹಾಕಿದಂತಿದೆ. ಈ ವರ್ಷ ಆದದ್ದೇ ಬೇರೆ, ಅಲ್ವಾ? ರಿಸರ್ವ್ ಬ್ಯಾಂಕ್ ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಐದು ಸಲ ರೆಪೊ ದರ ಏರಿಸಿತು. ಶೇಕಡಾ 4.00 ಇದ್ದದ್ದು 6.25ಕ್ಕೆ ಬಂತು. ನಮ್ಮ ಸಾಲ ರೆಪೊ ದರಕ್ಕೆ ಜೋಡಿಸಿರುವಂಥದ್ದು. ನಮ್ಮ ದರ ಜೂನ್‌ನಲ್ಲಿ 7.30, ಜುಲೈನಲ್ಲಿ 7.80, ಸೆಪ್ಟೆಂಬರ್‌ನಲ್ಲಿ 8.30, ಅಕ್ಟೋಬರ್‌ನಲ್ಲಿ 8.80 ಆಯಿತು. ಈ ತಿಂಗಳಿಂದ 9.15. ಪ್ರತಿ ಸಲವೂ ನಿಮ್ಮಿಂದಲೇ ಎಸ್‌ಎಂಎಸ್ ಬಂದಿದೆ. ಕಂತಿನ ಮೊತ್ತ ಬದಲಾಗಲಿಲ್ಲ, ಅವಧಿ ಮಾತ್ರ ಉದ್ದವಾಯಿತು. ಹೀಗಾಗಿ ಅದೇ 24,800ರಲ್ಲಿ ಬಡ್ಡಿಯ ಪಾಲು ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗಿದೆ, ಅಸಲಿನ ಪಾಲು ಕಡಿಮೆಯಾಗಿದೆ.

ಸ್ಟೇಟ್‌ಮೆಂಟ್‌ನ ಎರಡು ಸಾಲು ನೋಡಿದರೆ ಸಾಕು. ಏಪ್ರಿಲ್ 2022ರ ಕಂತಿನಲ್ಲಿ ಬಡ್ಡಿ 17,137, ಅಸಲಿಗೆ ಹೋದದ್ದು 7,663. ಡಿಸೆಂಬರ್‌ನಲ್ಲಿ ಬಡ್ಡಿ 20,040, ಅಸಲಿಗೆ 4,760 ಮಾತ್ರ. ಅದೂ ನಡುವೆ ಎರಡು ಲಕ್ಷ ಮುಂಗಡವಾಗಿ ಕಟ್ಟಿದ ಮೇಲೆ.

ಆ ಎರಡು ಲಕ್ಷವೂ ಪ್ರಮಾಣಪತ್ರದಲ್ಲಿ ಇಲ್ಲ. 19 ಸೆಪ್ಟೆಂಬರ್ 2022ರಂದು ನನ್ನ ಸಂಬಳದ ಖಾತೆಯಿಂದ 2,00,000 ರೂಪಾಯಿಯನ್ನು ನೇರವಾಗಿ ಈ ಸಾಲಕ್ಕೆ ಕಟ್ಟಿದ್ದೇನೆ. ಸ್ಟೇಟ್‌ಮೆಂಟ್‌ನಲ್ಲಿ ಅದು ಅಸಲಿಗೇ ಜಮೆಯಾಗಿದೆ. ಶಾಖೆ ಕೊಟ್ಟ ರಸೀದಿಯೂ ನನ್ನ ಹತ್ತಿರ ಇದೆ. ಅಸಲಿಗೆ ಮುಂಗಡವಾಗಿ ಕಟ್ಟಿದ ಹಣವೂ ಅಸಲು ತೀರಿಸಿದ್ದೇ. ಕಲಂ 80ಸಿಯಲ್ಲಿ ಅದನ್ನು ತೋರಿಸಲು ಅವಕಾಶವಿದೆ.

ಸ್ಟೇಟ್‌ಮೆಂಟ್ ಪ್ರಕಾರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಲೆಕ್ಕ ಹೀಗಿದೆ. 1 ಏಪ್ರಿಲ್ 2022ರಂದು ಬಾಕಿ 29,80,412. ಒಂಬತ್ತು ಕಂತುಗಳಲ್ಲಿ ಬಡ್ಡಿ 1,70,751, ಅಸಲು 52,449. ಮುಂಗಡ 2,00,000. ಡಿಸೆಂಬರ್ ಕೊನೆಗೆ ಉಳಿದ ಬಾಕಿ 27,27,963. ಜನವರಿಯಿಂದ ಮಾರ್ಚ್‌ವರೆಗೆ 9.15ರ ದರದಲ್ಲಿ ಬಡ್ಡಿ ಸುಮಾರು 62,300 ಆಗುತ್ತದೆ. ಅಂದರೆ ವರ್ಷದ ಬಡ್ಡಿ ಸುಮಾರು 2,33,000. ಕಂತಿನ ಮೂಲಕ ತೀರುವ ಅಸಲು ಸುಮಾರು 64,500, ಮುಂಗಡ ಸೇರಿದರೆ 2,64,500. ಇದು ನಾನು ಹಾಕಿದ ಲೆಕ್ಕ. ನಿಮ್ಮ ದಾಖಲೆಯ ಅಂಕಿಯೇ ಅಂತಿಮ, ಆದರೆ ಇದರ ಹತ್ತಿರವೇ ಬರಬೇಕು.

ಈ ವ್ಯತ್ಯಾಸದಿಂದ ನಮಗೇನು ನಷ್ಟ ಎಂಬುದನ್ನೂ ಹೇಳಬೇಕು. ಮನೆಯಲ್ಲಿ ನಮ್ಮಿಬ್ಬರದೂ ಸಮಪಾಲು. ಹಾಗಾಗಿ ಕಲಂ 24(ಬಿ) ಅಡಿ ಬಡ್ಡಿಯ ಅರ್ಧ ನನ್ನ ಲೆಕ್ಕಕ್ಕೆ, ಅರ್ಧ ನನ್ನ ಪತಿಯ ಲೆಕ್ಕಕ್ಕೆ ಬರುತ್ತದೆ. ನಾವೇ ವಾಸವಿರುವ ಮನೆಗೆ ತಲಾ 2,00,000ದವರೆಗೆ ಮಿತಿ ಇದೆ. ನನ್ನ ಪಾಲು ಆ ಮಿತಿಯ ಒಳಗೇ ಇರುವುದರಿಂದ ಬಡ್ಡಿಯಲ್ಲಿ ಬಿಟ್ಟುಹೋದ ಪ್ರತಿ ರೂಪಾಯಿಗೂ ತೆರಿಗೆ ಬೀಳುತ್ತದೆ. ಈಗಿನ ಪ್ರಮಾಣಪತ್ರ ಕೊಟ್ಟರೆ ನನ್ನ ಪಾಲಿಗೆ ಸುಮಾರು 15,000 ಬಡ್ಡಿ ಕಡಿಮೆ ತೋರುತ್ತದೆ. ಇನ್ನು 80ಸಿಯಲ್ಲಿ ಒಟ್ಟು ಮಿತಿ 1,50,000. ನನ್ನ ಜಿಪಿಎಫ್, ಕೆಜಿಐಡಿ ಮತ್ತು ಎಲ್‌ಐಸಿ ಸೇರಿ 78,000 ಆಗುತ್ತದೆ. ಉಳಿದ 72,000 ತುಂಬಬೇಕಾದ್ದು ಈ ಸಾಲದ ಅಸಲಿನಿಂದಲೇ. ಮುಂಗಡ ಕಾಣಿಸದಿದ್ದರೆ ಈಗಿನ ಪ್ರಮಾಣಪತ್ರದ ಅಸಲಿನಲ್ಲಿ ನನ್ನ ಅರ್ಧ ಪಾಲು 47,460 ಮಾತ್ರ, ಅಲ್ಲಿ 24,500ರಷ್ಟು ಕೈಬಿಟ್ಟುಹೋಗುತ್ತದೆ. ನಾನು ಶೇಕಡಾ 20ರ ಹಂತದಲ್ಲಿದ್ದೇನೆ. ಸೆಸ್ ಸೇರಿದರೆ ಎರಡೂ ಕೂಡಿ 8,000ಕ್ಕಿಂತ ಜಾಸ್ತಿ ತೆರಿಗೆ ಸುಮ್ನೆ ಕಡಿತವಾಗುತ್ತದೆ. ಆಮೇಲೆ ರಿಟರ್ನ್ ಸಲ್ಲಿಸಿ ರೀಫಂಡ್ ಪಡೆಯಬಹುದು, ನಿಜ. ಆದರೆ ಫೆಬ್ರವರಿಯ ಒಂದೇ ಸಂಬಳದಲ್ಲಿ ಅಷ್ಟು ಹಣ ಹಿಡಿದರೆ ಆ ತಿಂಗಳು ಕಂತು ಕಟ್ಟಿ ಮನೆ ನಡೆಸುವುದು ಕಷ್ಟ.

ಜನವರಿ 6ರಂದು ಶಾಖೆಗೆ ಬಂದು ಕೌಂಟರಿನಲ್ಲಿ ವಿಚಾರಿಸಿದೆ. ಸಿಸ್ಟಮ್‌ನಲ್ಲಿ ಹಾಗೇ ಬರುತ್ತದೆ, ಸ್ಟೇಟ್‌ಮೆಂಟ್ ಪ್ರಿಂಟ್ ಕೊಡಿ ಸಾಕು ಎಂದರು. ನಮ್ಮ ಕಚೇರಿ ಅದನ್ನು ಒಪ್ಪುವುದಿಲ್ಲ. ಕಚೇರಿಯವರು ಹೇಳುವುದರಲ್ಲಿ ನ್ಯಾಯವಿದೆ. ವಾಸದ ಮನೆಯ ಬಡ್ಡಿಗೆ ಎರಡು ಲಕ್ಷದವರೆಗಿನ ಕಡಿತ ಬೇಕಾದರೆ, ಬಡ್ಡಿ ಪಡೆಯುವವರೇ ಮೊತ್ತ ನಮೂದಿಸಿ ಕೊಟ್ಟ ಪ್ರಮಾಣಪತ್ರ ಇರಬೇಕು ಎಂದು ಆದಾಯ ತೆರಿಗೆ ಕಾಯ್ದೆಯ ಕಲಂ 24 ಹೇಳುತ್ತದೆ. ನನ್ನ ಲೆಕ್ಕ ಎಷ್ಟೇ ಸರಿಯಿದ್ದರೂ ಆ ಕಾಗದವನ್ನು ನೀವೇ ಕೊಡಬೇಕು.

ಆದ್ದರಿಂದ 1 ಏಪ್ರಿಲ್ 2022ರಿಂದ 31 ಮಾರ್ಚ್ 2023ರವರೆಗಿನ ಪ್ರಮಾಣಪತ್ರವನ್ನು ಶಾಖೆಯ ಲೆಟರ್‌ಹೆಡ್‌ನಲ್ಲಿ, ಸೀಲು ಮತ್ತು ಸಹಿಯೊಂದಿಗೆ ಕೊಡಬೇಕೆಂದು ಕೋರುತ್ತೇನೆ. ಡಿಸೆಂಬರ್‌ವರೆಗೆ ವಾಸ್ತವವಾಗಿ ಹಾಕಿದ ಬಡ್ಡಿ ಮತ್ತು ತೀರಿದ ಅಸಲು ಒಂದು ಕಡೆ, ಜನವರಿಯಿಂದ ಮಾರ್ಚ್‌ವರೆಗೆ ಈಗಿನ ದರದ ಅಂದಾಜು ಇನ್ನೊಂದು ಕಡೆ ಇದ್ದರೆ ಕಚೇರಿಯಲ್ಲಿ ಪ್ರಶ್ನೆ ಬರುವುದಿಲ್ಲ. ಸೆಪ್ಟೆಂಬರ್‌ನ ಮುಂಗಡವನ್ನು ಕಂತಿನ ಅಸಲಿನ ಜೊತೆ ಬೆರೆಸದೆ, ತಾರೀಖು ಹಾಕಿ ಬೇರೆಯಾಗಿ ತೋರಿಸಿ. ಅದು ನನ್ನ ಖಾತೆಯಿಂದ ಹೋದದ್ದು, ನಾನೊಬ್ಬಳೇ ತೋರಿಸಿಕೊಳ್ಳುತ್ತೇನೆ.

ಇನ್ನೊಂದು ಮುಖ್ಯ ವಿಷಯ ಹೆಸರು. ಇಳಿಸಿಕೊಂಡ ಪ್ರತಿಯಲ್ಲಿ ಮೊದಲ ಸಾಲಗಾರರೆಂದು ನನ್ನ ಪತಿಯ ಹೆಸರು ಮಾತ್ರ ಇದೆ. ನನ್ನ ಹೆಸರೇ ಇಲ್ಲದ ಕಾಗದವನ್ನು ನನ್ನ ಕಚೇರಿಗೆ ಕೊಡುವುದು ಹೇಗೆ? ಇಬ್ಬರ ಹೆಸರೂ ಇಬ್ಬರ ಪ್ಯಾನ್ ಸಂಖ್ಯೆಯೂ ಇರಲಿ. ಯಾರ ಪಾಲು ಎಷ್ಟು ಎಂದು ನೀವು ಬರೆಯಬೇಕಾಗಿಲ್ಲ. ಅದನ್ನು ನಾವಿಬ್ಬರೂ ಸಹಿ ಮಾಡಿದ ಘೋಷಣೆಯಲ್ಲಿ ಹೇಳಿಕೊಳ್ಳುತ್ತೇವೆ, ಅದರ ಹೊಣೆ ನಮ್ಮದು. ಫಾರ್ಮ್ 12ಬಿಬಿಯಲ್ಲಿ ಸಾಲ ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಕೇಳುತ್ತಾರೆ. ಬ್ಯಾಂಕಿನ ಪ್ಯಾನ್ ಕೂಡ ಅದೇ ಪತ್ರದಲ್ಲಿದ್ದರೆ ಮತ್ತೆ ನಿಮಗೆ ತೊಂದರೆ ಕೊಡುವ ಪ್ರಸಂಗ ಬರುವುದಿಲ್ಲ.

ಮನೆ ಪೂರ್ತಿಯಾಗುವ ಮೊದಲಿನ ಬಡ್ಡಿಗೂ ಒಂದು ಪತ್ರ ಬೇಕಿದೆ. ಮಹಾನಗರ ಪಾಲಿಕೆಯಿಂದ ಪೂರ್ಣತಾ ಪತ್ರ ಸಿಕ್ಕಿದ್ದು ನವೆಂಬರ್ 2020ರಲ್ಲಿ. ಹಾಗಾಗಿ ಸಾಲ ಪಡೆದಂದಿನಿಂದ 31 ಮಾರ್ಚ್ 2020ರವರೆಗಿನ ಬಡ್ಡಿಯನ್ನು ಐದು ಸಮ ಕಂತುಗಳಲ್ಲಿ ತೋರಿಸಬಹುದು. 2020-21ರಲ್ಲಿ ಶುರುವಾಗಿ ಈ ವರ್ಷ ಮೂರನೆಯದು. ನನ್ನ ಬಳಿ ಇರುವ ಹಳೆಯ ಪ್ರಮಾಣಪತ್ರಗಳಂತೆ 2018-19ರಲ್ಲಿ 58,900, 2019-20ರಲ್ಲಿ 1,62,400, ಒಟ್ಟು 2,21,300. ಐದನೇ ಒಂದು ಭಾಗ 44,260, ಅದರಲ್ಲಿ ನನ್ನ ಪಾಲು 22,130. ಈ ಸಲ ಬಂದ ಹೊಸ ಲೆಕ್ಕಾಧಿಕಾರಿಗಳು ಎರಡು ಬೇರೆ ಬೇರೆ ಕಾಗದದ ಬದಲು ಒಂದೇ ಪತ್ರ ಕೇಳಿದ್ದಾರೆ. ಆ ಅವಧಿಯ ಒಟ್ಟು ಬಡ್ಡಿಯನ್ನೂ ಹಣ ಬಿಡುಗಡೆಯಾದ ತಾರೀಖುಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಟ್ಟರೆ ಮುಂದಿನ ಎರಡು ವರ್ಷಕ್ಕೂ ಅದೇ ಸಾಕಾಗುತ್ತದೆ.

ಎರಡೂ ಪತ್ರಗಳನ್ನು ಜನವರಿ 20ರೊಳಗೆ ಕೊಟ್ಟರೆ ಕಚೇರಿಗೆ ಸಮಯಕ್ಕೆ ತಲುಪಿಸುತ್ತೇನೆ. ಶಾಲೆ ಮುಗಿಸಿ ಬರುವಷ್ಟರಲ್ಲಿ ನಿಮ್ಮ ಕೌಂಟರ್ ಮುಚ್ಚಿರುತ್ತದೆ. ಹಾಗಾಗಿ ನೋಂದಾಯಿತ ಇಮೇಲ್‌ಗೆ ಸಹಿ ಮಾಡಿದ ಪ್ರತಿ ಕಳಿಸಿದರೆ ಅನುಕೂಲ. ಮೂಲ ಪ್ರತಿಯನ್ನು ನನ್ನ ಪತಿ ಬಂದು ಪಡೆಯುತ್ತಾರೆ, ಅವರಿಗೆ ಕೊಡಲು ನನ್ನ ಒಪ್ಪಿಗೆ ಇದೆ. ಪ್ರಮಾಣಪತ್ರ ಕೇಂದ್ರ ಸಾಲ ವಿಭಾಗದಿಂದಲೇ ಬರಬೇಕು ಎಂದಾದರೆ ದಯವಿಟ್ಟು ಈ ಪತ್ರವನ್ನು ಶಾಖೆಯಿಂದಲೇ ಅಲ್ಲಿಗೆ ಕಳಿಸಿ, ದೂರು ಅಥವಾ ಕೋರಿಕೆ ಸಂಖ್ಯೆಯನ್ನು ನನಗೆ ತಿಳಿಸಿ.

ಮಾರ್ಚ್ 31 ಕಳೆದ ಮೇಲೆ ಅಂತಿಮ ಪ್ರಮಾಣಪತ್ರವೂ ಬೇಕು. ಫೆಬ್ರವರಿಯಲ್ಲಿ ರೆಪೊ ದರ ಮತ್ತೆ ಬದಲಾದರೆ ಇಂದಿನ ಅಂದಾಜು ಕೂಡ ಸ್ವಲ್ಪ ಆಚೀಚೆ ಆಗುತ್ತದೆ. ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ವಾಸ್ತವ ಅಂಕಿಯನ್ನೇ ಹಾಕುತ್ತೇವೆ. ಆ ಹೊತ್ತಿಗೆ ನೆಟ್ ಬ್ಯಾಂಕಿಂಗ್ ಪ್ರತಿಯಲ್ಲೂ ಎರಡನೇ ಸಾಲಗಾರರ ಹೆಸರು ಮತ್ತು ಮುಂಗಡ ಪಾವತಿ ಕಾಣುವಂತೆ ಸರಿಪಡಿಸಿದರೆ ನಮ್ಮಂತೆ ಜಂಟಿ ಸಾಲ ಮಾಡಿದ ಎಷ್ಟೋ ಜನರಿಗೆ ಉಪಕಾರವಾಗುತ್ತದೆ. ನಮ್ಮ ಶಾಲೆಯಲ್ಲೇ ಇನ್ನಿಬ್ಬರು ಶಿಕ್ಷಕರು ಇದೇ ಕಾರಣಕ್ಕೆ ಅಲೆದಾಡುತ್ತಿದ್ದಾರೆ.

ಈ ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿ, ತಾರೀಖು ನಮೂದಿಸಿ ಕೊಡಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶೋಭಾ ಕೆ. ಎಸ್.

ಒಪ್ಪಿಗೆ ಇದೆ:
ನಾಗರಾಜ ಎಚ್. (ಜಂಟಿ ಸಾಲಗಾರ)

ಲಗತ್ತು: ಏಪ್ರಿಲ್‌ನಿಂದ ಡಿಸೆಂಬರ್ 2022ರವರೆಗಿನ ಸಾಲದ ಸ್ಟೇಟ್‌ಮೆಂಟ್, ಜನವರಿ 4ರಂದು ಇಳಿಸಿಕೊಂಡ ಪ್ರಾವಿಷನಲ್ ಪ್ರಮಾಣಪತ್ರ, ಮುಂಗಡ ಪಾವತಿಯ ರಸೀದಿ, 2018-19 ಮತ್ತು 2019-20ರ ಪ್ರಮಾಣಪತ್ರಗಳು, ಪೂರ್ಣತಾ ಪತ್ರ ಹಾಗೂ ಇಬ್ಬರ ಪ್ಯಾನ್ ಕಾರ್ಡ್. ಎಲ್ಲವೂ ಸ್ವಯಂ ದೃಢೀಕರಿಸಿದ ನಕಲು ಪ್ರತಿಗಳು.