ಕನ್ನಂಬಾಡಿ ಕಟ್ಟೆ: ಗದ್ಯಭಾಗ ಮತ್ತು ಪರೀಕ್ಷೆಗೆ ಟಿಪ್ಪಣಿ

ತಮ್ಮಾ, ಗದ್ಯವನ್ನು ಒಮ್ಮೆ ನಿಧಾನವಾಗಿ ಓದು. ಪರೀಕ್ಷೆಯ ಹಿಂದಿನ ರಾತ್ರಿ ಕೆಳಗಿನ ಟಿಪ್ಪಣಿ ನೋಡಿಕೊಂಡರೆ ಸಾಕು. ಆವರಣದಲ್ಲಿರುವುದು ನನ್ನ ಮಾತು, ಉತ್ತರಪತ್ರಿಕೆಯಲ್ಲಿ ಬರೆಯಬೇಡ.

ಗದ್ಯಭಾಗ

ಮಂಡ್ಯ ಅಂದರೆ ಈಗ ಭತ್ತ, ಕಬ್ಬು. ನೂರು ವರ್ಷದ ಹಿಂದೆ ಹಾಗಿರಲಿಲ್ಲ. ಕಾವೇರಿ ಪಕ್ಕದಲ್ಲೇ ಹರಿದರೂ ಎತ್ತರದ ಹೊಲಗಳಿಗೆ ನೀರು ಹತ್ತುತ್ತಿರಲಿಲ್ಲ. ಮಳೆ ಬಂದರೆ ರಾಗಿ, ಬಾರದಿದ್ದರೆ ಬರ. ಅತ್ತ ಶಿವನಸಮುದ್ರದ ವಿದ್ಯುತ್ 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ವಿದ್ಯುತ್ತೂ ಕಡಿಮೆಯಾಗುತ್ತಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟರೆ ಗಣಿಗೂ ಆಯಿತು, ಗದ್ದೆಗೂ ಆಯಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಎಂ. ವಿಶ್ವೇಶ್ವರಯ್ಯನವರು ಈ ಯೋಜನೆಯನ್ನು ಕೈಗೆತ್ತಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದರು. 1911ರಲ್ಲಿ ಕೆಲಸ ಶುರುವಾಯಿತು.

ಕೆಳಗಿನ ಮದ್ರಾಸ್ ಪ್ರಾಂತ್ಯ ತಕರಾರು ತೆಗೆಯಿತು. ಮೇಲೆ ನೀರು ನಿಲ್ಲಿಸಿದರೆ ತಂಜಾವೂರಿನ ಗದ್ದೆಗಳ ಗತಿಯೇನು ಎಂಬುದು ಅದರ ಚಿಂತೆ. ಮೊದಲು ಸಣ್ಣ ಕಟ್ಟೆಗಷ್ಟೇ ಅನುಮತಿ ಸಿಕ್ಕಿತು. ಮೈಸೂರು ದೊಡ್ಡ ಕಟ್ಟೆಗೆ ಸಾಲುವಂಥ ಅಡಿಪಾಯವನ್ನೇ ಹಾಕಿತು. ಜಗಳ ವರ್ಷಗಟ್ಟಲೆ ನಡೆದು 1924ರ ಒಪ್ಪಂದಕ್ಕೆ ಬಂತು. ಸಿಮೆಂಟ್ ದುಬಾರಿಯಾದ್ದರಿಂದ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಕಲ್ಲು ಕಟ್ಟಿದರು. ಹಳೆಯ ಕನ್ನಂಬಾಡಿ ಊರು ನೀರಿನಡಿ ಹೋಯಿತು. 1930ರ ದಶಕದ ಹೊತ್ತಿಗೆ ನಾಲೆಯ ನೀರು ಮಂಡ್ಯಕ್ಕೆ ಹರಿಯಿತು, 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆ ಬಂತು.

ಸಂಕ್ಷೇಪಗಳು

ಕ.ಕ. = ಕನ್ನಂಬಾಡಿ ಕಟ್ಟೆ; ಮೈ. = ಮೈಸೂರು ಸಂಸ್ಥಾನ; ಮ. = ಮದ್ರಾಸ್ ಪ್ರಾಂತ್ಯ; ವಿಶ್ವೇ. = ವಿಶ್ವೇಶ್ವರಯ್ಯ; ಮು.ಎಂ. = ಮುಖ್ಯ ಎಂಜಿನಿಯರ್; ಶಿ.ಸ. = ಶಿವನಸಮುದ್ರ; ಕೋ.ಗ. = ಕೋಲಾರ ಗಣಿ; ವಿದ್ಯು. = ವಿದ್ಯುತ್; ನೀ. = ನೀರು; ಒಪ್ಪಂ. = ಒಪ್ಪಂದ; → = ಇದರಿಂದ; ∵ = ಯಾಕೆಂದರೆ; ↓ = ಕಡಿಮೆ.

ಟಿಪ್ಪಣಿ

1. ಕಟ್ಟೆ ಯಾಕೆ ಬೇಕಾಯಿತು?
1.1 ಗಣಿ: ಶಿ.ಸ. ವಿದ್ಯು. → ಕೋ.ಗ., 1902ರಿಂದ
– ಬೇಸಿಗೆ → ಹೊಳೆ ನೀ. ↓ → ವಿದ್ಯು. ↓
1.2 ಹೊಲ: ಮಂಡ್ಯ ಸೀಮೆ, ಹೊಳೆ ಪಕ್ಕದಲ್ಲಿದ್ದರೂ ಒಣ ಬೇಸಾಯ ∵ ಹೊಲ ಎತ್ತರದಲ್ಲಿ
– ಮಳೆ ನಂಬಿ ರಾಗಿ, ಇಲ್ಲದಿದ್ದರೆ ಬರ
1.3 ದಾರಿ: ಮಳೆಗಾಲದ ನೀ. ಹಿಡಿದಿಡುವುದು → ಎರಡಕ್ಕೂ ಉಪಯೋಗ

(ಜಾಸ್ತಿ ಮಕ್ಕಳು 1.2 ಮಾತ್ರ ಬರೆದು 1.1 ಬಿಡುತ್ತಾರೆ. ಎರಡೂ ಬರೆದರೇ ಪೂರ್ತಿ ಅಂಕ.)

2. ಯಾರು, ಯಾವಾಗ?
ಮು.ಎಂ. ವಿಶ್ವೇ. 1909, ದೊರೆ ನಾಲ್ವಡಿ, ಕೆಲಸ ಶುರು 1911.
(ವಿಶ್ವೇ. ದಿವಾನರಾದದ್ದು 1912ರಲ್ಲಿ, ಗದ್ಯದಲ್ಲಿಲ್ಲ. ಕೆಲಸ ಶುರುವಾದಾಗ ಅವರು ಮು.ಎಂ. ಅಷ್ಟೇ. ಇಲ್ಲಿ ಎಡವಬೇಡ.)

3. ಮೈ.–ಮ. ತಕರಾರು (ಮುಖ್ಯ!)
3.1 ಮ. ಚಿಂತೆ: ಮೇಲೆ ನೀ. ನಿಂತರೆ → ತಂಜಾವೂರು ಗದ್ದೆಗೆ ನೀ. ↓
3.2 ಅನುಮತಿ: ಸಣ್ಣ ಕಟ್ಟೆಗೆ ಮಾತ್ರ
3.3 ಮೈ. ನಡೆ: ಅಡಿಪಾಯ ದೊಡ್ಡ ಕಟ್ಟೆಗೆ
– ಇದರಲ್ಲೇ ಮೈ. ಧೈರ್ಯ ಕಾಣುತ್ತದೆ, ಮ. ಅನುಮಾನಕ್ಕೂ ಕಾರಣ ಸಿಗುತ್ತದೆ
3.4 ಕೊನೆ: 1924 ಒಪ್ಪಂ.

(ಮ. ಕಡೆಯದನ್ನು ಸುಮ್ನೆ ‘ವಿರೋಧಿಸಿತು’ ಅಂತ ಮುಗಿಸಬೇಡ. ಅಲ್ಲಿನ ರೈತರ ಭಯವೂ ನಿಜವೇ ಅಲ್ವಾ? 3.1 ಬರೆದೇ ಮುಂದೆ ಹೋಗು.)

4. ಕಟ್ಟಿದ ಬಗೆ
ಕಲ್ಲು + ಸುರ್ಕಿ ಗಾರೆ ∵ ಸಿಮೆಂಟ್ ದುಬಾರಿ. ಸುರ್ಕಿ ಗಾರೆ = ಸುಣ್ಣ + ಸುಟ್ಟ ಇಟ್ಟಿಗೆ ಪುಡಿ.

5. ಪರಿಣಾಮ
5.1 ಲಾಭ: ನಾಲೆ → ಮಂಡ್ಯ → ಭತ್ತ, ಕಬ್ಬು → ಸಕ್ಕರೆ ಕಾರ್ಖಾನೆ 1933
5.2 ನಷ್ಟ: ಹಳೆ ಕನ್ನಂಬಾಡಿ ಮುಳುಗಡೆ
(ಗದ್ಯದಲ್ಲಿ ಒಂದೇ ಸಾಲು. ಆದರೂ ಬೇರೆ ಅಂಶವಾಗಿ ಇಟ್ಟಿದ್ದೇನೆ, ಮನೆ ಬಿಟ್ಟು ಹೋದವರ ನಷ್ಟ ಲಾಭದ ಸಾಲಿನ ಬಾಲವಾಗಬಾರದು.)

ನಾಲ್ಕು ಅಂಕದ ಪ್ರಶ್ನೆ: ಕ.ಕ. ಕಟ್ಟಲು ಕಾರಣವೇನು, ಎದುರಾದ ಅಡ್ಡಿ ಯಾವುದು?
ಉತ್ತರದ ಕ್ರಮ: 1.1 → 1.2 → 1.3 → 3.1 → 3.2 → 3.4. ಸಂಕ್ಷೇಪಗಳನ್ನೆಲ್ಲ ಬಿಡಿಸಿ, ಪೂರ್ತಿ ವಾಕ್ಯದಲ್ಲಿ ಬರೆ. 4 ಮತ್ತು 5 ಇಲ್ಲಿ ಬೇಡ, ಕೇಳಿಲ್ಲ.